ಉರಿಯುವ ಮನೆಯ ದೃಷ್ಟಾಂತ: ತಂದೆಯ ಮಾತಿನ ಸತ್ಯಾಸತ್ಯ ವಿಚಾರ

ಕನ್ನಡ ನಾಡಿಗೆ ಬೌದ್ಧಧರ್ಮವು ಅಪರಿಚಿತವಾದುದಲ್ಲ. ಮಂಗಳೂರಿನ ಕದ್ರಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮನು ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನವು ತಿಳಿಸುತ್ತದೆ. ಗದಗ ಪ್ರಾಂತದ ಡಂಬಳದಲ್ಲಿ 1095ರ ಸುಮಾರಿನ ಶಾಸನವೊಂದು ಬುದ್ಧವಿಹಾರಕ್ಕೂ ತಾರಾದೇವಿಗೂ ಬಿಟ್ಟ ದತ್ತಿಗಳನ್ನು ಹೇಳುತ್ತದೆ. ಲೋಕೇಶ್ವರ, ತಾರೆ ಎಂಬ ಈ ಹೆಸರುಗಳು ಮಹಾಯಾನ ಸಂಪ್ರದಾಯದವು. ಆ ಪರಂಪರೆಯು ಕಾಲಕ್ರಮದಲ್ಲಿ ನಮ್ಮಲ್ಲಿ ಅಳಿಸಿಹೋಯಿತಾದರೂ ಇಪ್ಪತ್ತನೆಯ ಶತಮಾನದಲ್ಲಿ ಬೌದ್ಧಧರ್ಮವು ಎರಡು ದಾರಿಗಳಿಂದ ಈ ನಾಡಿಗೆ ಮರಳಿ ಬಂದಿತು. ಬೆಂಗಳೂರಿನಲ್ಲಿ, ಮಲ್ಲೇಶ್ವರಕ್ಕೂ ಚಾಮರಾಜಪೇಟೆಗೂ ನಡುವಣ ಗಾಂಧಿನಗರದಲ್ಲಿ, ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸಂಸ್ಥೆಯು ಪಾಲಿ ತ್ರಿಪಿಟಕದ ಥೇರವಾದವನ್ನು ತಂದಿತು. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಟಿಬೆಟ್ಟಿನ ಭಿಕ್ಷುಗಳು ಮಹಾಯಾನವನ್ನು ತಂದರು. ಹೀಗೆ ಒಂದೇ ನಾಡಿನಲ್ಲಿ ಎರಡು ಆಗಮಗಳು ಅಕ್ಕಪಕ್ಕದಲ್ಲಿವೆ. ಬುದ್ಧನು ಲೋಕಹಿತಕ್ಕಾಗಿ ಇಲ್ಲದುದನ್ನು ಇದೆಯೆಂದು ಹೇಳಬಹುದೇ ಎಂಬ ಪ್ರಶ್ನೆಗೆ ಈ ಎರಡು ಆಗಮಗಳು ಕೊಡುವ ಉತ್ತರ ಒಂದೇ ಆಗಿಲ್ಲ. ಆ ಪ್ರಶ್ನೆಯನ್ನು ಎದುರಾಎದುರಾಗಿ ಎತ್ತಿದ ಗ್ರಂಥವೆಂದರೆ ಮಹಾಯಾನದ ‘ಸದ್ಧರ್ಮಪುಂಡರೀಕ ಸೂತ್ರ’. ಎತ್ತಿದ ಸಂದರ್ಭವು ಅದರ ಮೂರನೆಯ ಪರಿವರ್ತದಲ್ಲಿ ಬರುವ ಉರಿಯುವ ಮನೆಯ ದೃಷ್ಟಾಂತ.

ಈ ಸೂತ್ರದ ಸಂಸ್ಕೃತ ಪಾಠವು ನೇಪಾಳದ ಹಸ್ತಪ್ರತಿಗಳಲ್ಲಿಯೂ 1931ರಲ್ಲಿ ಕಾಶ್ಮೀರದ ಗಿಲ್ಗಿಟ್ಟಿನಲ್ಲಿ ದೊರೆತ ಪ್ರಾಚೀನ ಪ್ರತಿಗಳಲ್ಲಿಯೂ ಉಳಿದುಬಂದಿದೆ. ಚೀನೀ ಭಾಷೆಗೆ ಧರ್ಮರಕ್ಷನು 286ರಲ್ಲಿಯೂ ಕುಮಾರಜೀವನು 406ರಲ್ಲಿಯೂ ಇದನ್ನು ಅನುವಾದಿಸಿದರು. ಪೂರ್ವ ಏಷ್ಯದ ಬೌದ್ಧರು ಬಹುಮಟ್ಟಿಗೆ ಓದುವುದು ಕುಮಾರಜೀವನ ಅನುವಾದವನ್ನು. ಸಂಸ್ಕೃತಕ್ಕೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸಗಳಿವೆ. ಇಲ್ಲಿ ಕಥೆಯನ್ನು ಸಂಸ್ಕೃತ ಪಾಠವನ್ನು ಅನುಸರಿಸಿ ಹೇಳಲಾಗಿದೆ.

ಒಬ್ಬ ಗೃಹಪತಿ. ವಯಸ್ಸಾದವನು, ಮಹಾ ಧನವಂತ. ಅವನ ಮನೆ ದೊಡ್ಡದು, ಎತ್ತರವಾದುದು. ಆದರೆ ಬಹಳ ಹಳೆಯದು. ಕಂಬಗಳ ಬುಡ ಕೊಳೆತಿದೆ, ಗೋಡೆಯ ಗಾರೆ ಉದುರಿದೆ, ಮೇಲೆ ಹುಲ್ಲಿನ ಹೊದಿಕೆ. ಒಳಗೆ ಇನ್ನೂರು, ಮುನ್ನೂರು, ಐನೂರು ಜೀವಿಗಳ ವಾಸ. ಹೊರಬರಲು ಇರುವುದು ಒಂದೇ ಬಾಗಿಲು. ಅಂತಹ ಮನೆಗೆ ಒಮ್ಮೆಲೆ ಎಲ್ಲ ಕಡೆಯಿಂದಲೂ ಬೆಂಕಿ ಹತ್ತಿಕೊಳ್ಳುತ್ತದೆ. ಗೃಹಪತಿಗೆ ಐದೋ ಹತ್ತೋ ಇಪ್ಪತ್ತೋ ಮಕ್ಕಳು. ತಾನು ಬೆಂಕಿ ಸೋಕದಂತೆ ಬಾಗಿಲಿನಿಂದ ಹೊರಬೀಳಬಲ್ಲ. ಆದರೆ ಮಕ್ಕಳು ಒಳಗೆ ಆಟದಲ್ಲಿ ಮೈಮರೆತಿದ್ದಾರೆ. ಸುಡುತ್ತಿದೆಯೆಂಬ ಅರಿವಾಗಲಿ, ಅಂಜಿಕೆಯಾಗಲಿ ಅವರಿಗಿಲ್ಲ.

ಇಲ್ಲಿ ತಂದೆಯು ಏನು ಮಾಡಿದನೆಂಬುದರ ಕ್ರಮವನ್ನು ಸೂತ್ರವು ಅವಸರವಿಲ್ಲದೆ ಹೇಳುತ್ತದೆ. ಆ ಕ್ರಮವೇ ಮುಂದಿನ ಚರ್ಚೆಗೆ ಆಧಾರ. ಮೊದಲು ಅವನಿಗೆ ಹೊಳೆಯುವುದು ತೋಳ್ಬಲ. ತಾನು ಬಲಶಾಲಿ, ಮಕ್ಕಳನ್ನೆಲ್ಲ ಒಟ್ಟಾಗಿ ಎತ್ತಿಕೊಂಡು ಹೊರಗೆ ಹೋಗಬಹುದು ಎಂದುಕೊಳ್ಳುತ್ತಾನೆ. ಕೂಡಲೇ ಅದನ್ನು ಕೈಬಿಡುತ್ತಾನೆ. ಏಕೆಂದರೆ ಬಾಗಿಲು ಒಂದೇ, ಮಕ್ಕಳು ಚಂಚಲರು. ಹಿಡಿಯಹೋದರೆ ಅತ್ತಿತ್ತ ಓಡಿ ಬೆಂಕಿಗೆ ಸಿಕ್ಕಾರು. ಎರಡನೆಯದಾಗಿ ಅವನು ಇದ್ದುದನ್ನು ಇದ್ದಂತೆ ಕೂಗಿ ಹೇಳುತ್ತಾನೆ: ಮನೆ ಉರಿಯುತ್ತಿದೆ, ಹೊರಗೆ ಬನ್ನಿ ಎಂದು. ಮಕ್ಕಳು ಕಿವಿಗೊಡುವುದಿಲ್ಲ. ಹಟಮಾರಿಗಳೆಂದಲ್ಲ, ಉರಿಯುವುದೆಂದರೇನೆಂಬುದೇ ಅವರಿಗೆ ತಿಳಿಯದು. ಸತ್ಯವನ್ನು ಹೇಳಿದರೂ ಕೇಳುವವರಲ್ಲಿ ಅದು ಅರ್ಥವಾಗಿ ಇಳಿಯಲಿಲ್ಲ. ಮೂರನೆಯದಾಗಿ ಮಾತ್ರ ಅವನು ಉಪಾಯಕ್ಕೆ ಕೈಹಾಕುತ್ತಾನೆ. ಮಕ್ಕಳಿಗೆ ಯಾವ ಆಟಿಕೆಗಳ ಮೇಲೆ ಆಸೆಯೆಂದು ಅವನು ಬಲ್ಲ. ಎತ್ತಿನ ಬಂಡಿ, ಆಡಿನ ಬಂಡಿ, ಜಿಂಕೆಯ ಬಂಡಿ, ಇವೆಲ್ಲ ನಿಮಗಾಗಿ ಬಾಗಿಲ ಹೊರಗೆ ಇರಿಸಿವೆ, ಬಂದರೆ ಯಾರಿಗೆ ಯಾವುದು ಬೇಕೋ ಅದನ್ನು ಕೊಡುವೆ ಎನ್ನುತ್ತಾನೆ. ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೆ ಓಡಿಬರುತ್ತಾರೆ. ನಾಲ್ಕು ದಾರಿ ಕೂಡುವ ಬಯಲಿನಲ್ಲಿ ಅವರು ಕ್ಷೇಮವಾಗಿರುವುದನ್ನು ಕಂಡು ತಂದೆಯ ಭಯ ನೀಗುತ್ತದೆ. ಆಗ ಮಕ್ಕಳು ಹೇಳಿದ ಬಂಡಿಗಳನ್ನು ಕೊಡೆಂದು ಕೇಳುತ್ತಾರೆ. ತಂದೆಯು ಎಲ್ಲರಿಗೂ ಒಂದೇ ಬಗೆಯ ಬಂಡಿಯನ್ನು ಕೊಡುತ್ತಾನೆ. ಸಪ್ತರತ್ನಗಳ, ಕಿರುಗಂಟೆಗಳ ಸಾಲು ತೂಗುವ, ಗಾಳಿಯ ವೇಗದ ಬಿಳಿಯ ಎತ್ತುಗಳನ್ನು ಹೂಡಿದ ಮಹಾರಥವದು. ಇಷ್ಟು ಸಂಪತ್ತಿರುವಾಗ ತನ್ನ ಮಕ್ಕಳಲ್ಲಿ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಏಕೆ ಎಂಬುದು ಅವನ ವಿಚಾರ.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಬುದ್ಧನು ಶಾರಿಪುತ್ರನನ್ನು ಪ್ರಶ್ನಿಸುತ್ತಾನೆ. ಮೊದಲು ಮೂರು ಬಗೆಯ ಬಂಡಿಗಳನ್ನು ಹೇಳಿ ಅನಂತರ ಎಲ್ಲರಿಗೂ ಮಹಾಯಾನವನ್ನೇ ಕೊಟ್ಟ ಆ ಪುರುಷನಿಗೆ ಮೃಷಾವಾದದ ದೋಷ ತಟ್ಟುವುದೇ? ದೃಷ್ಟಾಂತದೊಳಗೇ ಆಕ್ಷೇಪವನ್ನು ತಾನಾಗಿ ಎತ್ತಿದ ಗ್ರಂಥಗಳು ವಿರಳ. ಆ ಕಾಲಕ್ಕೆ ಆಗಲೇ ಇಂತಹ ಆಕ್ಷೇಪವು ಕೇಳಿಬರುತ್ತಿದ್ದಿತೆಂದು ಊಹಿಸಲು ಇದು ಅವಕಾಶ ಕೊಡುತ್ತದೆ. ಶಾರಿಪುತ್ರನು ದೋಷವಿಲ್ಲವೆಂದು ಉತ್ತರಿಸುತ್ತಾನೆ. ಅವನು ಕೊಡುವ ಕಾರಣಗಳು ಎರಡು. ಮಕ್ಕಳಿಗೆ ಪ್ರಾಣ ಉಳಿಯಿತು; ದೇಹ ಉಳಿದರೆ ಎಲ್ಲ ಆಟಿಕೆಗಳೂ ದೊರೆತಂತೆಯೇ, ಇದು ಮೊದಲನೆಯದು. ಇವರನ್ನು ಉಪಾಯಕೌಶಲ್ಯದಿಂದ ಈ ದುಃಖದಿಂದ ಪಾರುಮಾಡಬೇಕೆಂದು ತಂದೆಯು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದನು, ಇದು ಎರಡನೆಯದು. ಆದುದರಿಂದ ಒಂದೇ ಒಂದು ಬಂಡಿಯನ್ನು ಕೊಡದಿದ್ದರೂ ಅವನು ಸುಳ್ಳುಗಾರನಾಗುತ್ತಿರಲಿಲ್ಲ, ಅದಕ್ಕಿಂತ ಮಿಗಿಲಾದುದನ್ನು ಕೊಟ್ಟಿರುವಾಗ ಹೇಳುವುದೇನು, ಎಂಬುದು ಅವನ ತೀರ್ಪು. ಬುದ್ಧನು ಸಾಧು ಸಾಧು ಎಂದು ಅದನ್ನು ಒಪ್ಪುತ್ತಾನೆ.

ತಂದೆಯ ಮಾತನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಅಂಗಗಳಿರುವುದು ಕಾಣುತ್ತದೆ. ಬಂಡಿಗಳನ್ನು ಕೊಡುವೆನೆಂಬುದು ವಾಗ್ದಾನ. ಅದು ಮುಂದಿನ ಕಾಲಕ್ಕೆ ಸಂಬಂಧಿಸಿದುದು. ಬಂಡಿಗಳು ಈಗಲೇ ಬಾಗಿಲ ಹೊರಗೆ ಇವೆಯೆಂಬುದು ವಸ್ತುಸ್ಥಿತಿಯ ಕಥನ. ಬುದ್ಧನ ಪ್ರಶ್ನೆಯು ಮೊದಲನೆಯ ಅಂಗವನ್ನು ಮಾತ್ರ ಮುಟ್ಟುತ್ತದೆ. ಹೇಳಿದುದೊಂದು, ಕೊಟ್ಟುದೊಂದು ಎಂಬುದೇ ಅಲ್ಲಿಯ ಆಕ್ಷೇಪ. ವಾಗ್ದಾನದ ವಿಷಯದಲ್ಲಿ ಸಮಾಧಾನ ಸುಲಭ. ಬೆಳ್ಳಿಯನ್ನು ಕೊಡುತ್ತೇನೆಂದು ಹೊನ್ನನ್ನು ಕೊಟ್ಟವನನ್ನು ಯಾರೂ ವಚನಭ್ರಷ್ಟನೆನ್ನರು. ಆದರೆ ಎರಡನೆಯ ಅಂಗಕ್ಕೆ ಈ ಸಮಾಧಾನ ಒದಗದು. ಮಕ್ಕಳು ಹೊರಬಂದಮೇಲೆ ಬಂಡಿಗಳೆಲ್ಲಿ ಎಂದು ಕೇಳಬೇಕಾಗಿ ಬಂದುದರಿಂದ ಹೇಳಿದ ಬಂಡಿಗಳು ಹೇಳಿದ ಜಾಗದಲ್ಲಿ ಇರಲಿಲ್ಲವೆಂದೇ ತಿಳಿಯಬೇಕಾಗುತ್ತದೆ. ಕೊಟ್ಟ ರಥದ ಬೆಲೆಯೆಷ್ಟೇ ಇರಲಿ, ಅದು ಆಗ ಆಡಿದ ಮಾತನ್ನು ನಿಜಮಾಡದು. ಶಾರಿಪುತ್ರನು ಇದನ್ನು ಅರಿತಂತೆಯೇ ತೋರುತ್ತದೆ. ಬಂಡಿಯನ್ನೇ ಕೊಡದಿದ್ದರೂ ದೋಷವಿಲ್ಲವೆಂದು ಅವನು ಹೇಳಿದುದರಿಂದ ಅವನ ತೀರ್ಪಿನ ಭಾರವೆಲ್ಲ ಕೊಡುಗೆಯ ಮೇಲಿಲ್ಲ, ತಂದೆಯ ಸಂಕಲ್ಪದ ಮೇಲಿದೆ.

ಸಂಕಲ್ಪವೇ ಮಾತಿನ ಸತ್ಯಾಸತ್ಯವನ್ನು ತೀರ್ಮಾನಿಸಬಲ್ಲುದೇ? ಇಲ್ಲಿ ಪಾಲಿ ಆಗಮದ ನಿಲವನ್ನು ನೋಡಬೇಕು. ಪಾಲಿ ಅಟ್ಠಕಥೆಗಳು ಮುಸಾವಾದಕ್ಕೆ ನಾಲ್ಕು ಅಂಗಗಳನ್ನು ಹೇಳುತ್ತವೆ. ವಿಷಯವು ಅಸತ್ಯವಾಗಿರಬೇಕು, ತಪ್ಪು ತಿಳಿವಳಿಕೆ ಹುಟ್ಟಿಸುವ ಚಿತ್ತವಿರಬೇಕು, ಅದಕ್ಕೆ ತಕ್ಕ ಪ್ರಯತ್ನ ನಡೆಯಬೇಕು, ಎದುರಿನವನು ಆ ಅರ್ಥವನ್ನು ಗ್ರಹಿಸಬೇಕು. ಗೃಹಪತಿಯ ಮಾತಿಗೆ ಈ ನಾಲ್ಕನ್ನೂ ಹಚ್ಚಿದರೆ ನಾಲ್ಕೂ ಕೂಡಿಬರುತ್ತವೆ. ಇಲ್ಲಿ ಚಿತ್ತವೆಂದರೆ ತಪ್ಪು ತಿಳಿವಳಿಕೆ ಹುಟ್ಟಿಸಬೇಕೆಂಬ ಇಚ್ಛೆ. ಅದರ ಹಿಂದಿನ ಉದ್ದೇಶ ಒಳಿತೋ ಕೆಡುಕೋ ಎಂಬುದು ಬೇರೆಯ ವಿಚಾರ. ಕರುಣೆಯಿಂದ ಆಡಿದರೆ ದೋಷದ ತೂಕ ಕಡಿಮೆಯಾದೀತು, ಹೆಸರು ಬದಲಾಗದು.

ಇದಕ್ಕಿಂತ ಹೆಚ್ಚು ಬೋಧಪ್ರದವಾದುದು ಮಜ್ಝಿಮನಿಕಾಯದ ಅಭಯರಾಜಕುಮಾರ ಸುತ್ತ. ನಿಗಂಠ ನಾತಪುತ್ತನು ಅಭಯನೆಂಬ ರಾಜಕುಮಾರನನ್ನು ಬುದ್ಧನಲ್ಲಿಗೆ ಕಳುಹಿಸುತ್ತಾನೆ. ಇತರರಿಗೆ ಅಪ್ರಿಯವಾಗುವ ಮಾತನ್ನು ನೀನು ಆಡುವೆಯಾ ಎಂಬ ಇಕ್ಕಟ್ಟಿನ ಪ್ರಶ್ನೆಯನ್ನು ಅವನಿಂದ ಕೇಳಿಸುತ್ತಾನೆ. ಆ ಹೊತ್ತಿನಲ್ಲಿ ಅಭಯನ ತೊಡೆಯ ಮೇಲೆ ಅಂಗಾತ ಮಲಗಿದ ಕೂಸೊಂದಿರುತ್ತದೆ. ಈ ಕೂಸು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆಯೆಂದು ಬುದ್ಧನು ಕೇಳುತ್ತಾನೆ. ರಕ್ತ ಬಂದರೂ ಸರಿಯೇ, ಬೆರಳು ಹಾಕಿ ತೆಗೆಯುವೆ, ಏಕೆಂದರೆ ಕೂಸಿನ ಮೇಲೆ ಕರುಣೆಯಿದೆ ಎಂದು ರಾಜಕುಮಾರನು ಉತ್ತರಿಸುತ್ತಾನೆ. ಅದರಂತೆಯೇ ತಥಾಗತನು ಸತ್ಯವೂ ಹಿತವೂ ಆದ ಮಾತನ್ನು, ಅದು ಪ್ರಿಯವಾಗಲಿ ಅಪ್ರಿಯವಾಗಲಿ, ಕಾಲವರಿತು ಆಡುವನೆಂದು ಬುದ್ಧನು ಹೇಳುತ್ತಾನೆ. ಅಲ್ಲಿ ಮಾತುಗಳನ್ನು ಆರು ಬಗೆಯಾಗಿ ವಿಂಗಡಿಸಲಾಗಿದೆ. ಅಸತ್ಯವಾದುದು ಆ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ, ಒಮ್ಮೆ ಪ್ರಿಯವಾಗಿ, ಒಮ್ಮೆ ಅಪ್ರಿಯವಾಗಿ. ಎರಡು ಸಲವೂ ಅಹಿತವೆಂದೇ. ಅಸತ್ಯವಾದರೂ ಹಿತವಾದುದು ಎಂಬ ಬಗೆಯೇ ಆ ಪಟ್ಟಿಯಲ್ಲಿ ಇಲ್ಲ. ಗೃಹಪತಿಯ ಮಾತಾದರೋ ಅಸತ್ಯ, ಹಿತ, ಪ್ರಿಯ. ಪಾಲಿ ಸುತ್ತವು ಖಾಲಿ ಬಿಟ್ಟ ಮನೆಯಲ್ಲಿಯೇ ಮಹಾಯಾನ ಸೂತ್ರವು ತನ್ನ ದೃಷ್ಟಾಂತವನ್ನು ಇರಿಸಿದೆ. ಎರಡರಲ್ಲಿಯೂ ಅಪಾಯದಲ್ಲಿರುವ ಮಗುವಿದೆ, ಕರುಣೆಯಿರುವ ಹಿರಿಯನಿದ್ದಾನೆ. ಒಬ್ಬನು ನೋವನ್ನು ಕೊಟ್ಟು ಉಳಿಸುತ್ತಾನೆ, ಇನ್ನೊಬ್ಬನು ನಲಿವನ್ನು ತೋರಿ ಉಳಿಸುತ್ತಾನೆ. ತಂದೆಯು ತೋಳ್ಬಲದ ದಾರಿಯನ್ನು ಏಕೆ ಬಿಟ್ಟನೆಂದು ಸೂತ್ರವು ಹೇಳಿದುದರ ಬೆಲೆ ಇಲ್ಲಿ ತಿಳಿಯುತ್ತದೆ. ತೊಡೆಯ ಮೇಲಿನ ಕೂಸಿಗೆ ಕೈ ಎಟಕುತ್ತದೆ. ಉರಿಯುವ ಮನೆಯೊಳಗೆ ಓಡಾಡುವ ಇಪ್ಪತ್ತು ಮಕ್ಕಳಿಗೆ ಎಟಕದು.

ದೃಷ್ಟಾಂತದ ಅರ್ಥವನ್ನು ತಿಳಿದಮೇಲೆ ಈ ಚರ್ಚೆಯ ಗಂಭೀರತೆ ಹೆಚ್ಚುತ್ತದೆ. ಮನೆಯೆಂದರೆ ಮೂರು ಲೋಕ, ಮಕ್ಕಳೆಂದರೆ ಜೀವರು, ತಂದೆಯೆಂದರೆ ತಥಾಗತ. ಮೂರು ಬಂಡಿಗಳೆಂದರೆ ಶ್ರಾವಕಯಾನ, ಪ್ರತ್ಯೇಕಬುದ್ಧಯಾನ, ಬೋಧಿಸತ್ತ್ವಯಾನಗಳು. ಕೊನೆಗೆ ಕೊಟ್ಟುದು ಒಂದೇ ಬುದ್ಧಯಾನ. ಅಂದಮೇಲೆ ಶಾರಿಪುತ್ರನೇ ಮೊದಲಾದ ಶ್ರಾವಕರು ಜೀವಮಾನವೆಲ್ಲ ಸಾಧಿಸಿ ಪಡೆದೆವೆಂದು ತಿಳಿದ ನಿರ್ವಾಣವು ಮಕ್ಕಳನ್ನು ಹೊರಗೆ ಕರೆಯಲು ತೋರಿಸಿದ ಆಟದ ಬಂಡಿ ಎಂದಾಯಿತು. ಇದು ಹಗುರವಾದ ಮಾತಲ್ಲ. ಇದರ ಹಿಂದಿನ ಪರಿವರ್ತದಲ್ಲಿ ಐದು ಸಾವಿರ ಮಂದಿ ಸಭೆಯಿಂದ ಎದ್ದುಹೋದರೆಂದು ಸೂತ್ರವೇ ಹೇಳುತ್ತದೆ. ಇದೇ ಮೂರನೆಯ ಪರಿವರ್ತದ ಆರಂಭದಲ್ಲಿ ಶಾರಿಪುತ್ರನು ತಾನು ಇಷ್ಟು ಕಾಲ ತನ್ನ ಚಿತ್ತದಿಂದಲೇ ವಂಚಿತನಾಗಿದ್ದೆನೆಂದು ಹಳಹಳಿಸುತ್ತಾನೆ. ಹೊಸ ಬೋಧೆಯನ್ನು ಕೇಳಿದಾಗ ಮಾರನೇ ಬುದ್ಧನ ವೇಷದಲ್ಲಿ ಬಂದನೋ ಎಂದು ಶಂಕಿಸಿದುದನ್ನೂ ಹೇಳಿಕೊಳ್ಳುತ್ತಾನೆ. ಹೀಗಿರುವಾಗ ಮೃಷಾವಾದದ ಪ್ರಶ್ನೆಯನ್ನು ಬುದ್ಧನು ಅವನಲ್ಲಿಯೇ ಕೇಳಿದುದು ಔಚಿತ್ಯಪೂರ್ಣವಾಗಿದೆ. ಮನೆಯಿಂದ ಹೊರಗೆ ಓಡಿಬಂದ ಮಕ್ಕಳಲ್ಲಿ ಅವನೂ ಒಬ್ಬ. ಮೋಸಹೋದೆನೆಂದು ದೂರುವ ಅಧಿಕಾರ ಯಾರಿಗಿದೆಯೋ ತೀರ್ಪು ಕೊಡುವ ಅಧಿಕಾರವನ್ನು ಅವನಿಗೇ ಬಿಡಲಾಗಿದೆ. ತಂದೆಯು ತನ್ನನ್ನು ತಾನೇ ಸಮರ್ಥಿಸಿಕೊಂಡಿದ್ದರೆ ಆ ಸಮರ್ಥನೆಗೆ ಇಷ್ಟು ಬೆಲೆ ಬರುತ್ತಿರಲಿಲ್ಲ.

ಬಂಡಿಗಳ ಎಣಿಕೆಯ ವಿಷಯದಲ್ಲಿ ಚೀನದ ಆಚಾರ್ಯರ ನಡುವೆ ದೊಡ್ಡ ವಾದವೇ ನಡೆಯಿತು. ಕುಯಿಜಿ (632–682) ಮೊದಲಾದವರ ಪಕ್ಷದಲ್ಲಿ ಬಂಡಿಗಳು ಮೂರೇ. ಹೇಳಿದ ಎತ್ತಿನ ಬಂಡಿಯೂ ಕೊಟ್ಟ ಬಿಳಿಯ ಎತ್ತಿನ ರಥವೂ ಒಂದೇ. ಝೀಯಿ (538–597) ಎಂಬ ತಿಯೆಂತಾಯ್ ಆಚಾರ್ಯನ ಪಕ್ಷದಲ್ಲಿ ಬಂಡಿಗಳು ನಾಲ್ಕು. ಕೊಟ್ಟುದು ಹೇಳಿದ ಮೂರಕ್ಕಿಂತಲೂ ಬೇರೆಯಾದುದು. ಜಪಾನಿನಲ್ಲಿ ಒಂಬತ್ತನೆಯ ಶತಮಾನದ ಆದಿಯಲ್ಲಿ ಸೈಚೋ ಮತ್ತು ತೊಕುಇತ್ಸು ಎಂಬವರ ನಡುವೆ ಏಕಯಾನ, ತ್ರಿಯಾನಗಳಲ್ಲಿ ಯಾವುದು ಪರಮಾರ್ಥವೆಂಬ ವಾದವು ವರ್ಷಗಟ್ಟಲೆ ಬೆಳೆಯಿತು. ಇದು ಬರಿಯ ಎಣಿಕೆಯ ಜಗಳವಲ್ಲ. ಬಂಡಿಗಳು ಮೂರಾದರೆ ತಂದೆಯ ಮಾತಿನಲ್ಲಿ ಮೂರನೆಯ ಒಂದು ಪಾಲು ಅಕ್ಷರಶಃ ನಿಜವಾಯಿತು. ಎತ್ತಿನ ಬಂಡಿ ಬಯಸಿದ ಮಗನಿಗೆ ಎತ್ತಿನ ಬಂಡಿಯೇ ಸಿಕ್ಕಿತು. ನಾಲ್ಕಾದರೆ ಹೇಳಿದ ಮೂರೂ ಬರಿಯ ಉಪಾಯ. ಕೇಳಿದುದು ಯಾರಿಗೂ ಸಿಗಲಿಲ್ಲ, ಎಲ್ಲರಿಗೂ ಕೇಳದ ಒಂದು ದೊರೆಯಿತು. ಸಂಸ್ಕೃತ ಪಾಠದಲ್ಲಿ ಹೇಳಿದ ಬಂಡಿಗೂ ಕೊಟ್ಟ ರಥಕ್ಕೂ ಗೋರಥವೆಂಬ ಒಂದೇ ಹೆಸರಿರುವುದು ಮೊದಲನೆಯ ಪಕ್ಷಕ್ಕೆ ಅನುಕೂಲವಾಗಿದೆ. ಆದರೆ ಎಲ್ಲ ಮಕ್ಕಳಿಗೂ ಭೇದವಿಲ್ಲದೆ ಒಂದನ್ನೇ ಕೊಟ್ಟನೆಂಬ ಕಥೆಯ ಒತ್ತು ಎರಡನೆಯ ಪಕ್ಷದ ಕಡೆಗಿದೆ.

ಉಪಾಯದ ವಾದಕ್ಕೆ ಅಪಾಯವೂ ಉಂಟು. ಹಿಂದಿನ ಬೋಧೆಯು ಉಪಾಯವಾಗಿದ್ದರೆ ಈಗಿನದೂ ಉಪಾಯವಲ್ಲವೆಂದು ನಂಬುವುದು ಹೇಗೆ? ತನ್ನ ಮಾತಿಗೆ ಬದ್ಧನಾಗದ ಯಾವ ಗುರುವಾದರೂ ನಿಮ್ಮ ಹಿತಕ್ಕಾಗಿಯೇ ಹೇಳಿದೆನೆಂದರೆ ಅವನನ್ನು ತಡೆಯುವುದು ಹೇಗೆ? ಸೂತ್ರವು ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡದು. ಆದರೂ ಕಥೆಯ ಕಟ್ಟಿನಲ್ಲಿಯೇ ಕೆಲವು ಕಟ್ಟಳೆಗಳು ಅಡಗಿವೆ. ತಂದೆಯು ಮೊದಲು ಸತ್ಯವನ್ನೇ ಹೇಳಿದನು. ಅದು ನಾಟದೆ ಹೋದಮೇಲೆ ಉಪಾಯವನ್ನು ಹಿಡಿದನು. ಬೆಂಕಿ ನಿಜವಾಗಿ ಹತ್ತಿತ್ತು. ಮಕ್ಕಳನ್ನು ಹೊರಗೆ ತರಲು ಅವನು ಬೆಂಕಿಯನ್ನು ಕಲ್ಪಿಸಲಿಲ್ಲ. ಮಾತಿನಿಂದ ಅವನಿಗೆ ಯಾವ ಲಾಭವೂ ಬರಲಿಲ್ಲ. ಬದಲಾಗಿ ಬೊಕ್ಕಸ ಕರಗಿತು. ಕೊಟ್ಟುದು ಹೇಳಿದುದಕ್ಕಿಂತ ಕಡಿಮೆಯಾಗಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬಯಲಿಗೆ ಬಂದಮೇಲೆ ಮಕ್ಕಳು ನೇರವಾಗಿ ಕೇಳಿದರು, ನಿಜಸ್ಥಿತಿ ಅವರಿಗೆ ತಿಳಿಯಿತು. ಉಪಾಯವು ಬಾಗಿಲವರೆಗೆ ಮಾತ್ರ ಇದ್ದಿತು. ಇವುಗಳಲ್ಲಿ ಒಂದು ತಪ್ಪಿದರೂ ಅದು ಈ ಗೃಹಪತಿಯ ಉಪಾಯವಾಗದು, ವಂಚನೆಯಾದೀತು. ಇಲ್ಲದ ಬೆಂಕಿಯನ್ನು ಕೂಗುವವನನ್ನೂ, ಹೊರಬಂದವರಿಗೆ ಬರಿಗೈ ತೋರಿಸುವವನನ್ನೂ, ಕೊನೆಯವರೆಗೂ ಬಂಡಿ ಬರುವುದೆನ್ನುತ್ತಲೇ ಇರುವವನನ್ನೂ ಗುರುತಿಸಲು ಇದೇ ಒರೆಗಲ್ಲು.

ಆದರೂ ಶಾರಿಪುತ್ರನ ತೀರ್ಪಿನ ಒಂದು ಭಾಗ ಈ ಒರೆಗಲ್ಲನ್ನೂ ದಾಟುತ್ತದೆ. ಒಂದು ಬಂಡಿಯನ್ನೂ ಕೊಡದಿದ್ದರೂ ದೋಷವಿಲ್ಲವೆಂದ ಮಾತು ಅದು. ಅದೇ ಸೂತ್ರದಲ್ಲಿ ಮುಂದೆ ಬರುವ ವೈದ್ಯನ ದೃಷ್ಟಾಂತದಲ್ಲಿ ಇದರ ಪರಿಣಾಮ ಕಾಣುತ್ತದೆ. ವಿಷವುಂಡ ಮಕ್ಕಳು ಔಷಧವನ್ನು ಸೇವಿಸದಿದ್ದಾಗ ತಂದೆಯಾದ ವೈದ್ಯನು ದೂರ ಹೋಗಿ ತಾನು ಸತ್ತೆನೆಂದು ಹೇಳಿಕಳುಹಿಸುತ್ತಾನೆ. ಶೋಕದಿಂದ ಎಚ್ಚತ್ತ ಮಕ್ಕಳು ಔಷಧವನ್ನು ಸೇವಿಸಿ ಗುಣಹೊಂದುತ್ತಾರೆ, ಅನಂತರ ಅವನು ಮರಳಿ ಕಾಣಿಸಿಕೊಳ್ಳುತ್ತಾನೆ. ಇಲ್ಲಿಯೂ ಮೃಷಾವಾದದ ಪ್ರಶ್ನೆ ಬರುತ್ತದೆ, ಇಲ್ಲಿಯೂ ದೋಷವಿಲ್ಲವೆಂದೇ ಉತ್ತರ. ಬಂಡಿಯ ಮಾತಿನಲ್ಲಿ ಮೇಲಾದ ಕೊಡುಗೆಯಿಂದ ತುಂಬಿಕೊಡುವ ಅವಕಾಶವಿದ್ದಿತು. ಸಾವಿನ ಸುದ್ದಿಗೆ ಅದಿಲ್ಲ. ಅದು ಶುದ್ಧ ಅಸತ್ಯ. ಅಲ್ಲಿ ಉಳಿಯುವುದು ಸಂಕಲ್ಪ, ಫಲ ಎರಡೇ.

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಬ್ಬ ತಂದೆಯ ನೆನಪು ಬಾರದಿರದು. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಹರಿಶ್ಚಂದ್ರನು ಕೊಟ್ಟ ಮಾತನ್ನು ಅಲ್ಲಗಳೆದಿದ್ದರೆ ಸಾಕಿತ್ತು, ಎಲ್ಲ ಕಷ್ಟಗಳೂ ತಪ್ಪುತ್ತಿದ್ದವು. ಅವನು ಅಲ್ಲಗಳೆಯಲಿಲ್ಲ. ರಾಜ್ಯ ಹೋಯಿತು, ಚಂದ್ರಮತಿಯೂ ಲೋಹಿತಾಶ್ವನೂ ಕಾಶಿಯಲ್ಲಿ ಮಾರಾಟವಾದರು, ಕಾಡಿಗೆ ಹೋದ ಮಗು ಹಾವು ಕಚ್ಚಿ ಸತ್ತಿತು. ಒಬ್ಬ ತಂದೆಯು ಮಕ್ಕಳನ್ನು ಉಳಿಸಲು ಮಾತನ್ನು ಬಾಗಿಸಿದನು, ಇನ್ನೊಬ್ಬನು ಮಾತನ್ನು ಉಳಿಸಲು ಮಗನನ್ನೂ ಕಳೆದುಕೊಂಡನು. ರಾಘವಾಂಕನ ಕಾವ್ಯದಲ್ಲಿ ವಿಶ್ವೇಶ್ವರನು ಪ್ರತ್ಯಕ್ಷನಾಗಿ ಸತ್ತ ಮಗನು ಏಳುತ್ತಾನೆ. ಸತ್ಯದ ಸಾಲವನ್ನು ದೇವರು ತೀರಿಸುತ್ತಾನೆ. ಗೃಹಪತಿಗೆ ಅಂತಹ ಭರವಸೆಯಿಲ್ಲ. ಸುಟ್ಟುಹೋದ ಮಕ್ಕಳನ್ನು ಎಬ್ಬಿಸಿಕೊಡುವವರು ಅವನ ಲೋಕದಲ್ಲಿ ಇಲ್ಲ. ಮಾತು ತನ್ನದಾಗಿ ಅದರ ನಷ್ಟವನ್ನು ತಾನು ಉಣ್ಣುವವನ ಧರ್ಮವೂ, ತನ್ನ ಮಾತಿನಿಂದಲೇ ಇನ್ನೊಬ್ಬರ ಜೀವ ಉಳಿಯಬೇಕಾದವನ ಧರ್ಮವೂ ಒಂದೇ ತೂಕದವೇ ಎಂಬುದೇ ಈ ಎರಡು ಕಥೆಗಳನ್ನು ಒಟ್ಟಿಗೆ ಓದಿದಾಗ ಏಳುವ ಪ್ರಶ್ನೆ.

ಪಾಲಿ ಸುತ್ತದ ಪಟ್ಟಿಯೂ ಮಹಾಯಾನ ಸೂತ್ರದ ದೃಷ್ಟಾಂತವೂ ಹೀಗೆ ಪರಸ್ಪರ ವಿರುದ್ಧವಾಗಿಯೇ ಉಳಿಯುತ್ತವೆ. ಅವುಗಳನ್ನು ಬಲವಂತದಿಂದ ಹೊಂದಿಸಬೇಕಾದ ಅಗತ್ಯವಿಲ್ಲ. ಶಾರಿಪುತ್ರನ ತೀರ್ಪನ್ನು ಒಪ್ಪುವವರೂ ಒಂದನ್ನು ಗಮನಿಸಬೇಕು. ತಂದೆಗೆ ದೋಷವಿಲ್ಲವೆಂದು ಅವನು ಹೇಳಿದನೇ ಹೊರತು ಬಂಡಿಗಳು ಬಾಗಿಲಲ್ಲಿ ಇದ್ದವೆಂದು ಹೇಳಲಿಲ್ಲ. ಹೊಣೆಯಿಂದ ಬಿಡುಗಡೆ ಬೇರೆ, ಮಾತು ನಿಜವಾಗುವುದು ಬೇರೆ. ಹಿತಕ್ಕಾಗಿ ಆಡಿದ ಅಸತ್ಯವನ್ನು ಕ್ಷಮಿಸಬಹುದು. ಅದನ್ನೇ ಸತ್ಯವೆಂದು ಕರೆಯತೊಡಗಿದ ದಿನ ಮನೆಯೊಳಗಿನ ಮಕ್ಕಳಿಗೆ ಬೆಂಕಿಯ ಕೂಗು ಯಾವುದು, ಬಂಡಿಯ ಕೂಗು ಯಾವುದು ಎಂಬುದು ತಿಳಿಯದೆ ಹೋಗುತ್ತದೆ.